‘ದಿ ಐ’ ಅಂದರೆ ಯಾವ ಕಣ್ಣು?

ಪ್ರಶ್ನೆ: ಪುಣೆಯ ಒಂದು ಕಣ್ಣಿನ ಆಸ್ಪತ್ರೆಗೆ, ಮೋತಿಬಿಂದು, ಅಂದರೆ ಕಣ್ಣಿನ ಪೊರೆಯ ಆಪರೇಷನ್ ಆದವರಿಗೆ ಕೊಡುವ ಸೂಚನೆಯ ಹಾಳೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ಓದುವವರು ಹೆಚ್ಚಾಗಿ ಕಲಬುರಗಿ, ವಿಜಯಪುರ, ಸೊಲ್ಲಾಪುರ ಕಡೆಯಿಂದ ಬಂದು ಇಲ್ಲಿ ಕೆಲಸಕ್ಕಿರುವವರು, ಅವರ ತಂದೆತಾಯಿ. ‘ಎ’ ಇದ್ದಲ್ಲೆಲ್ಲ ‘ಒಂದು’, ‘ದಿ’ ಇದ್ದಲ್ಲೆಲ್ಲ ‘ಆ’, ಪ್ಲೂರಲ್ ಇದ್ದಲ್ಲೆಲ್ಲ ‘ಗಳು’ ಹಾಕಿದ್ದೇನೆ. ಓದಿದರೆ ಕನ್ನಡ ಅನ್ನಿಸುತ್ತಿಲ್ಲ. ತೆಗೆದುಹಾಕೋಣವೆಂದರೆ ಔಷಧಿಯ ವಿಷಯ, ಅರ್ಥ ಕೆಟ್ಟೀತೆಂಬ ಭಯ. ಯಾವುದನ್ನು ಇಡಲಿ, ಯಾವುದನ್ನು ಬಿಡಲಿ?

ಉತ್ತರ: ಹೆಚ್ಚಿನವು ಹೋಗಬೇಕು. ಆದರೆ ನಿಮ್ಮ ಭಯವೂ ಸುಳ್ಳಲ್ಲ. ಇಂತಹ ಹಾಳೆಯಲ್ಲಿ ನಾಲ್ಕೈದು ಕಡೆ ‘ಎ’, ‘ದಿ’, ಬಹುವಚನದ ‘ಎಸ್’ ಇವುಗಳ ಬೆನ್ನ ಮೇಲೆ ನಿಜವಾದ ಭಾರ ಇರುತ್ತದೆ. ಅಲ್ಲಿ ‘ಒಂದು’, ‘ಆ’, ‘ಗಳು’ ಇಟ್ಟರೂ ಸಾಲದು, ತೆಗೆದರೂ ಸಾಲದು, ಬೇರೆ ಮಾತನ್ನೇ ಸೇರಿಸಬೇಕಾಗುತ್ತದೆ. ಆ ಕಡೆಗಳು ಯಾವುವು ಎಂದು ಗುರುತಿಸುವುದೇ ಇಲ್ಲಿನ ಕೆಲಸ.

ಡ್ರಾಪ್ಸ್ ಹಾಕಿಕೊಳ್ಳುವ ಸಾಲನ್ನೇ ತೆಗೆದುಕೊಳ್ಳಿ. ‘ಪುಟ್ ಎ ಡ್ರಾಪ್ ಇನ್ ದಿ ಐ ಫೋರ್ ಟೈಮ್ಸ್ ಎ ಡೇ.’ ಇದರಲ್ಲಿ ಎರಡು ‘ಎ’ ಇವೆ, ಒಂದು ‘ದಿ’ ಇದೆ, ಒಂದು ಬಹುವಚನ ಇದೆ. ನಾಲ್ಕಕ್ಕೂ ಬೇರೆ ಬೇರೆ ದಾರಿ. ಮೊದಲ ‘ಎ’ ಇಲ್ಲಿ ಲೆಕ್ಕ: ಒಂದೇ ಹನಿ, ಎರಡಲ್ಲ. ಅದು ಉಳಿಯಬೇಕು. ಎರಡನೆಯ ‘ಎ’ಗೆ ‘ಪ್ರತಿ’ ಎಂಬ ಅರ್ಥ. ಕನ್ನಡದಲ್ಲಿ ಅದನ್ನು ‘-ಕ್ಕೆ’ ಹೊರುತ್ತದೆ: ದಿನಕ್ಕೆ. ‘ಟೈಮ್ಸ್’ನ ಬಹುವಚನ ಪೂರ್ತಿ ಬಿದ್ದುಹೋಗುತ್ತದೆ, ‘ನಾಲ್ಕು ಸಲ’ ಎಂದರೆ ಮುಗಿಯಿತು. ‘ನಾಲ್ಕು ಬಾರಿಗಳು’ ಎಂದು ಯಾರೂ ಅನ್ನುವುದಿಲ್ಲ. ಉಳಿದದ್ದು ‘ದಿ ಐ’. ಇಡೀ ಹಾಳೆಯಲ್ಲಿ ಅತಿ ಅಪಾಯದ ಎರಡು ಪದಗಳು ಇವು.

ಇಂಗ್ಲಿಷ್ ಬರೆದವರಿಗೆ ‘ದಿ ಐ’ ಎಂದರೆ ಆಪರೇಷನ್ ಆದ ಕಣ್ಣು. ಅವರು ಬೇರೆ ಕಡೆ ‘ದಿ ಐಸ್’ ಎಂದು ಬರೆದಿದ್ದರೆ ಎರಡೂ ಕಣ್ಣು. ಒಂದು ‘ಎಸ್’ನಲ್ಲಿ ವ್ಯತ್ಯಾಸ ನಿಂತಿದೆ. ಕನ್ನಡದಲ್ಲಿ ಜೋಡಿಯಾಗಿರುವ ಅಂಗಗಳಿಗೆ ನಾವು ಏಕವಚನವನ್ನೇ ಬಳಸುತ್ತೇವೆ. ಕೈ ತೊಳೆದುಕೋ, ಕಾಲು ಮಡಚು, ಕಿವಿ ಮುಚ್ಚಿಕೋ, ಕಣ್ಣು ಬಿಡು. ಯಾರಾದರೂ ‘ಕಣ್ಣು ಮುಚ್ಚಿಕೋ’ ಎಂದರೆ ಒಂದೇ ಕಣ್ಣು ಮುಚ್ಚಿ ಕೂರುವವರಿಲ್ಲ. ಹಾಗಾಗಿ ‘ಕಣ್ಣಿಗೆ ಹನಿ ಹಾಕಿ’ ಎಂದು ಬರೆದರೆ ವಾಕ್ಯ ಸೊಗಸಾಗಿದೆ, ಆದರೆ ಓದಿದವರು ಎರಡೂ ಕಣ್ಣಿಗೆ ಹಾಕಿಕೊಳ್ಳಬಹುದು.

‘ಆ ಕಣ್ಣಿಗೆ’ ಎಂದರೆ ಸರಿಯಾಗುತ್ತದೆಯೇ? ಇಲ್ಲ, ಇನ್ನೂ ಕೆಡುತ್ತದೆ. ನಮ್ಮ ‘ಆ’ ಇಂಗ್ಲಿಷಿನ ‘ದಿ’ ಅಲ್ಲ, ಅದು ಬೆರಳು ಮಾಡಿ ತೋರಿಸುವ ಪದ. ‘ಆ’ ಬಂದ ಕೂಡಲೇ ಅದರ ಜೊತೆಗೊಂದು ‘ಈ’ ಮನಸ್ಸಿಗೆ ಬರುತ್ತದೆ. ಪಟ್ಟಿ ಕಟ್ಟಿರುವುದು ‘ಈ’ ಕಣ್ಣು, ಹಾಗಾದರೆ ‘ಆ’ ಕಣ್ಣು ಅಂದರೆ ಆಚೆಕಡೆಯದು ಎಂದು ಓದಿದರೆ ಅದು ರೋಗಿಯ ತಪ್ಪಲ್ಲ. ಹಿಂದಿನ ವಾಕ್ಯದಲ್ಲಿ ಆಗಷ್ಟೇ ಹೆಸರಿಸಿದ ವಸ್ತುವಿಗೆ ಮಾತ್ರ ‘ಆ’ ಬಳಸಬಹುದು. ಸೂಚನೆಯ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಯಾರೂ ಓದುವುದಿಲ್ಲ, ಬೇಕಾದ ಸಾಲನ್ನಷ್ಟೇ ಹುಡುಕುತ್ತಾರೆ. ಆದ್ದರಿಂದ ಅಲ್ಲಿ ‘ಆ’ ಹೆಚ್ಚುಕಡಿಮೆ ನಿಷಿದ್ಧ ಎಂದೇ ಇಟ್ಟುಕೊಳ್ಳಿ.

ಪರಿಹಾರ ಸರಳ. ‘ದಿ’ ಹೇಳದೆ ಬಿಟ್ಟದ್ದನ್ನು ನೀವು ಹೇಳಿ: ‘ಆಪರೇಷನ್ ಆದ ಕಣ್ಣಿಗೆ’. ಪ್ರತಿ ಸಲವೂ ಹಾಗೆಯೇ ಬರೆಯಿರಿ, ಬೇಸರ ಮಾಡಿಕೊಳ್ಳಬೇಡಿ. ಆಸ್ಪತ್ರೆಯವರು ಒಪ್ಪಿದರೆ ಹಾಳೆಯ ತಲೆಯಲ್ಲಿ ‘ಬಲಗಣ್ಣು’, ‘ಎಡಗಣ್ಣು’ ಎಂದು ಎರಡು ಚೌಕ ಹಾಕಿಸಿ. ನರ್ಸ್ ಪೆನ್ನಿನಲ್ಲಿ ಗುರುತು ಮಾಡಿ ಕೊಡಲಿ. ಇಂಗ್ಲಿಷಿನಲ್ಲಿ ಆ ಚೌಕ ಇಲ್ಲದಿದ್ದರೂ ಅದು ಅನುವಾದಕ್ಕೆ ಹೊರಗಿನದಲ್ಲ, ಇಂಗ್ಲಿಷಿನವರು ‘ದಿ’ಯಲ್ಲಿ ಅಡಗಿಸಿಟ್ಟದ್ದನ್ನು ಹೊರಗೆ ತೆಗೆದದ್ದು ಅಷ್ಟೇ.

ಪುಣೆಯಲ್ಲಿ ನಿಮಗೊಂದು ಅನುಕೂಲವಿದೆ. ಅಲ್ಲಿ ಅದೇ ಹಾಳೆ ಮರಾಠಿಯಲ್ಲೂ ಇರುವುದು ಹೆಚ್ಚು. ಮರಾಠಿಯಲ್ಲಿಯೂ ‘ಎ’, ‘ದಿ’ ಇಲ್ಲ, ಆದರೆ ನಾಮಪದದ ರೂಪದಲ್ಲೇ ವಚನ ಕಾಣುತ್ತದೆ. ‘ಡೋಳ್ಯಾತ’ ಎಂದರೆ ಒಂದು ಕಣ್ಣಿನಲ್ಲಿ, ‘ಡೋಳ್ಯಾಂತ’ ಎಂದರೆ ಕಣ್ಣುಗಳಲ್ಲಿ. ಬರಹದಲ್ಲಿ ಒಂದು ಅನುಸ್ವಾರದ ಚುಕ್ಕೆ ಮಾತ್ರ ಹೆಚ್ಚು. ಇಂಗ್ಲಿಷ್ ಸಾಲಿನ ಬಗ್ಗೆ ಅನುಮಾನ ಬಂದಾಗ ಆ ಚುಕ್ಕೆ ಇದೆಯೇ ನೋಡಿ. ಚುಕ್ಕೆ ಬಿಟ್ಟು ಬರೆಯುವ ರೂಢಿಯೂ ಇರುವುದರಿಂದ ಅದನ್ನು ಸುಳಿವು ಎಂದು ತೆಗೆದುಕೊಳ್ಳಿ, ತೀರ್ಪು ಎಂದಲ್ಲ. ಎರಡು ಹಾಳೆಗಳಲ್ಲಿ ಒಂದಕ್ಕೊಂದು ಹೊಂದದಿದ್ದರೆ ಆಸ್ಪತ್ರೆಯನ್ನೇ ಕೇಳಿ.

ಇನ್ನು ‘ಎ’ಯ ವಿಚಾರ. ಒಂದು ಪರೀಕ್ಷೆ ಮಾಡಿ: ‘ಎ’ ಇದ್ದಲ್ಲಿ ‘ಒಂದೇ ಒಂದು, ಎರಡಲ್ಲ’ ಎಂದು ಹಾಕಿ ಓದಿ. ಅರ್ಥ ಕೂಡಿದರೆ ಅದು ಲೆಕ್ಕ, ಕನ್ನಡದಲ್ಲಿಯೂ ಇರಲಿ. ಔಷಧಿಯ ಪ್ರಮಾಣವಾದರೆ ಅಂಕಿಯಲ್ಲೇ ಬರೆಯಿರಿ: 1 ಹನಿ, 1 ಗುಳಿಗೆ. ಅರ್ಥ ಕೂಡದಿದ್ದರೆ ತೆಗೆಯಿರಿ. ‘ಇಫ್ ಯು ಹ್ಯಾವ್ ಎ ಫೀವರ್’ ಎಂಬಲ್ಲಿ ‘ಒಂದೇ ಒಂದು ಜ್ವರ, ಎರಡಲ್ಲ’ ಎಂದರೆ ನಗು ಬರುತ್ತದೆ. ‘ಜ್ವರ ಬಂದರೆ’ ಅಷ್ಟೇ. ‘ಡೂ ನಾಟ್ ಡ್ರೈವ್ ಎ ಕಾರ್’ ಎಂದರೆ ಕಾರು ಓಡಿಸಬೇಡಿ. ಇಲ್ಲಿ ‘ಒಂದು ಕಾರನ್ನು ಓಡಿಸಬೇಡಿ’ ಎಂದು ಬರೆದರೆ ಯಾವುದೋ ಒಂದನ್ನು ಬಿಟ್ಟು ಬೇರೆಯದನ್ನು ಓಡಿಸಬಹುದು ಎಂಬ ಧ್ವನಿ ಹೊರಡುತ್ತದೆ.

ಮೂರನೆಯ ಬಗೆಯ ‘ಎ’ ಇದೆ, ‘ಯಾರಾದರೂ, ಯಾವುದಾದರೂ’ ಎಂಬ ಅರ್ಥದ್ದು. ‘ಸೀ ಎ ಡಾಕ್ಟರ್ ಅಟ್ ಒನ್ಸ್’ ಎಂಬಲ್ಲಿ ಮುಖ್ಯ ಮಾತು ಏನೆಂದರೆ, ಆಪರೇಷನ್ ಮಾಡಿದವರಿಗೇ ಕಾಯಬೇಡಿ, ಸಿಕ್ಕ ಕಣ್ಣಿನ ಡಾಕ್ಟರಿಗೆ ತೋರಿಸಿ. ಅದನ್ನು ‘ಡಾಕ್ಟರಿಗೆ ತೋರಿಸಿ’ ಎಂದಷ್ಟೇ ಬರೆದರೆ ನಮ್ಮವರು ‘ನಮ್ಮ ಡಾಕ್ಟರು’ ಎಂದೇ ಓದಿಕೊಂಡು, ಊರಿನಲ್ಲಿದ್ದರೆ ಪುಣೆಗೆ ಬಸ್ಸು ಹತ್ತುವವರೆಗೂ ಕಾಯುತ್ತಾರೆ. ಆದ್ದರಿಂದ ‘ಹತ್ತಿರದ ಯಾವುದಾದರೂ ಕಣ್ಣಿನ ಡಾಕ್ಟರಿಗೆ ಕೂಡಲೇ ತೋರಿಸಿ’ ಎನ್ನಿ. ಅದೇ ಹಾಳೆಯಲ್ಲಿ ‘ಕಾಲ್ ದಿ ಡಾಕ್ಟರ್’ ಬಂದರೆ ‘ನಿಮ್ಮ ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿ’. ‘ಎ’ ಮತ್ತು ‘ದಿ’ ನಡುವಿನ ವ್ಯತ್ಯಾಸ ಇಲ್ಲಿ ಒಂದು ರಾತ್ರಿಯ ಪ್ರಯಾಣದಷ್ಟಿದೆ.

‘ಒಂದು’ ಎಂಬ ಪದದ ಇನ್ನೊಂದು ಗುಣ ಮರೆಯಬಾರದು. ಅದು ಬೇರೆ ಸಂಖ್ಯೆಯ ಮುಂದೆ ಕೂತರೆ ಸಂಖ್ಯೆಯನ್ನು ಸಡಿಲ ಮಾಡುತ್ತದೆ. ‘ಒಂದು ಐದು ನಿಮಿಷ ಕಾಯಿರಿ’ ಎಂದರೆ ಮೂರಾದರೂ ನಡೆದೀತು, ಎಂಟಾದರೂ ನಡೆದೀತು. ‘ಒಂದೆರಡು ಹನಿ’ ಎಂದರೆ ಒಂದೋ ಎರಡೋ ನೀವೇ ನೋಡಿಕೊಳ್ಳಿ ಎಂದಂತೆ. ‘ಕನಿಷ್ಠ 5 ನಿಮಿಷ’ ಎನ್ನುವ ಕಡೆ ಅಭ್ಯಾಸದ ಬಲದಿಂದ ‘ಒಂದೈದು ನಿಮಿಷ’ ನುಸುಳದಂತೆ ನೋಡಿಕೊಳ್ಳಿ. ಬಾಯಿಮಾತಿನ ಹಾಗೆ ಬರೆಯಬೇಕೆಂದು ಹೊರಟವರು ಎಡವುವುದು ಇಂತಹ ಜಾಗದಲ್ಲೇ.

ಹಾಗಾದರೆ ಕನ್ನಡದಲ್ಲಿ ‘ದಿ’ಯ ಕೆಲಸವನ್ನು ಯಾರು ಮಾಡುತ್ತಾರೆ? ಬಹುಪಾಲು ಪದಗಳ ಜಾಗವೇ ಮಾಡುತ್ತದೆ. ‘ಚೀಲದಲ್ಲಿ ಕವಚ ಇದೆ’ ಎಂದರೆ ಕಣ್ಣಿನ ಮೇಲೆ ಇಡುವ ಕವಚ ಹೊಸ ಸುದ್ದಿ, ಇಂಗ್ಲಿಷಿನಲ್ಲಿ ಅಲ್ಲಿ ‘ಎ’ ಬರುತ್ತದೆ. ‘ಕವಚ ಚೀಲದಲ್ಲಿದೆ’ ಎಂದರೆ ಯಾವ ಕವಚವೆಂದು ಇಬ್ಬರಿಗೂ ಗೊತ್ತು, ಅಲ್ಲಿ ‘ದಿ’. ಗೊತ್ತಿರುವುದು ಮೊದಲು, ಹೊಸದು ಕ್ರಿಯಾಪದದ ಹತ್ತಿರ. ಇಷ್ಟನ್ನು ಪಾಲಿಸಿದರೆ ಅರ್ಧಕ್ಕರ್ಧ ‘ಎ’, ‘ದಿ’ ತಾವಾಗಿಯೇ ಇಳಿದುಬರುತ್ತವೆ. ಇಂಗ್ಲಿಷಿನ ಪದಗಳ ಸಾಲನ್ನೇ ಹಿಡಿದು ‘ಒಂದು ಪ್ಲಾಸ್ಟಿಕ್ ಕವಚವು ಚೀಲದಲ್ಲಿ ಇದೆ’ ಎಂದು ಬರೆದಾಗ ‘ಒಂದು’ ಬೇಕೇಬೇಕು ಅನ್ನಿಸುವುದು ಜಾಗ ತಪ್ಪಿದ್ದರಿಂದ. ಜಾಗ ಸರಿಮಾಡಿದರೆ ‘ಒಂದು’ ಬೇಕಾಗುವುದಿಲ್ಲ.

ಎರಡನೆಯದು ‘ಅನ್ನು’. ‘ಬಾಟಲಿ ತನ್ನಿ’ ಎಂದರೆ ಯಾವುದಾದರೂ ಬಾಟಲಿ, ಎಷ್ಟಾದರೂ. ‘ಬಾಟಲಿಯನ್ನು ತನ್ನಿ’ ಎಂದರೆ ನಿಮ್ಮ ಹತ್ತಿರ ಇರುವ, ನಮಗೆ ಗೊತ್ತಿರುವ ಬಾಟಲಿ. ಮುಂದಿನ ಭೇಟಿಗೆ ‘ಬ್ರಿಂಗ್ ದಿ ಬಾಟಲ್ಸ್’ ಎಂದಿದ್ದರೆ ‘ನಿಮಗೆ ಕೊಟ್ಟ ಬಾಟಲಿಗಳನ್ನು ತನ್ನಿ’ ಎಂದು ‘ಅನ್ನು’ ಉಳಿಸಬೇಕು. ‘ಅನ್ನು’ ಬಿಟ್ಟರೆ ಖಾಲಿ ಬಾಟಲಿ ತರುವವರೂ ಉಂಟು. ಆದರೆ ಇದಕ್ಕೆ ಮಿತಿ ಇದೆ. ಗ್ರಾಂಥಿಕ ಬರಹದಲ್ಲಿ ಎಲ್ಲ ಕರ್ಮಪದಕ್ಕೂ ‘ಅನ್ನು’ ಹಚ್ಚುವ ಚಾಳಿ ಎಷ್ಟಿದೆಯೆಂದರೆ ಅಲ್ಲಿ ಅದು ಏನನ್ನೂ ಸೂಚಿಸುವುದಿಲ್ಲ. ‘ಕೈಯನ್ನು ತೊಳೆಯಿರಿ, ಊಟವನ್ನು ಮಾಡಿರಿ, ನೀರನ್ನು ಕುಡಿಯಿರಿ’ ಎಂದು ಎಲ್ಲೆಡೆ ಹಚ್ಚಿದ ಮೇಲೆ ‘ಬಾಟಲಿಯನ್ನು’ ಎಂಬುದಕ್ಕೆ ಯಾವ ಬಲವೂ ಉಳಿದಿರುವುದಿಲ್ಲ. ಬೇಕಿಲ್ಲದ ಕಡೆ ತೆಗೆದರೆ ಮಾತ್ರ ಬೇಕಾದ ಕಡೆ ಅದು ಮಾತಾಡುತ್ತದೆ. ಮನುಷ್ಯರ ವಿಷಯದಲ್ಲಿ ಈ ಆಯ್ಕೆ ಇಲ್ಲ, ‘ಮಗನನ್ನು ಕರೆತನ್ನಿ’ ಎನ್ನಲೇಬೇಕು.

ಬಹುವಚನಕ್ಕೆ ಬರೋಣ. ಮುಂದೆ ಸಂಖ್ಯೆ ಇದ್ದರೆ ವಸ್ತುಗಳಿಗೆ ‘ಗಳು’ ಬೇಡ: ಎರಡು ಗುಳಿಗೆ, ಮೂರು ಬಾಟಲಿ, ಐದು ನಿಮಿಷ, ಆರು ವಾರ. ಸಮಯ, ಅಳತೆ, ದುಡ್ಡಿಗಂತೂ ‘ಗಳು’ ಸೇರಿಸಿದರೆ ಕೃತಕ. ಪುಣೆ, ಮುಂಬಯಿಯ ಕನ್ನಡಿಗರಲ್ಲಿ ‘ಎರಡು ಗುಳಿಗೆಗಳು’ ಬರಲು ಇಂಗ್ಲಿಷ್ ಮಾತ್ರವಲ್ಲ, ಮರಾಠಿಯೂ ಕಾರಣವಿರಬಹುದು. ಮರಾಠಿಯಲ್ಲಿ ‘ದೋನ್ ಗೋಳ್ಯಾ’ ಎನ್ನಲೇಬೇಕು, ‘ದೋನ್ ಗೋಳಿ’ ತಪ್ಪು. ದಿನವಿಡೀ ಅದನ್ನು ಆಡುವ ನಾಲಿಗೆ ಕನ್ನಡಕ್ಕೂ ಅದನ್ನೇ ಹಚ್ಚುತ್ತದೆ. ಮನುಷ್ಯರಿಗೆ ಮಾತ್ರ ಬಹುವಚನ ಬಿಡುವಂತಿಲ್ಲ: ಇಬ್ಬರು ಹುಡುಗರು, ಮೂವರು ನರ್ಸುಗಳು.

ಈಗ ಸೂಕ್ಷ್ಮದ ಜಾಗ. ‘ಡ್ರಾಪ್ಸ್’ ಎಂಬುದು ಇಂಗ್ಲಿಷಿನಲ್ಲಿ ಎರಡು ಅರ್ಥ ಹೊರುತ್ತದೆ: ಹನಿಗಳು, ಮತ್ತು ಕಣ್ಣಿಗೆ ಹಾಕುವ ಔಷಧಿ. ಕನ್ನಡದಲ್ಲಿ ನಮ್ಮ ಜನ ಈಗಾಗಲೇ ಇದನ್ನು ಬೇರೆ ಮಾಡಿಕೊಂಡಿದ್ದಾರೆ. ಔಷಧಿಗೆ ‘ಡ್ರಾಪ್ಸ್’, ಬೀಳುವುದಕ್ಕೆ ‘ಹನಿ’. ಈ ವಿಂಗಡಣೆಯನ್ನು ಹಾಗೆಯೇ ಬಳಸಿಕೊಳ್ಳಿ. ‘ವೇಟ್ ಫೈವ್ ಮಿನಿಟ್ಸ್ ಬಿಟ್ವೀನ್ ದಿ ಡ್ರಾಪ್ಸ್’ ಎಂಬಲ್ಲಿ ಬೇರೆ ಬೇರೆ ಬಾಟಲಿಯ ಔಷಧಿಗಳ ನಡುವೆ ಐದು ನಿಮಿಷ ಬಿಡಿ ಎಂದರ್ಥ. ಎರಡನೆಯದು ಮೊದಲನೆಯದನ್ನು ತೊಳೆದುಕೊಂಡು ಹೋಗಬಾರದು ಎಂಬುದು ಕಾರಣ. ಅದನ್ನು ‘ಹನಿಗಳ ನಡುವೆ ಐದು ನಿಮಿಷಗಳು’ ಎಂದು ಮಾಡಿದರೆ, ಒಂದೇ ಬಾಟಲಿಯಿಂದ ಒಂದು ಹನಿ ಹಾಕಿ, ಕಾದು, ಮತ್ತೊಂದು ಹನಿ ಹಾಕುವವರಿದ್ದಾರೆ. ‘ಇನ್ನೊಂದು’ ಎಂಬ ಪದವೂ ಇಲ್ಲಿ ಕೈಕೊಡುತ್ತದೆ. ‘ಅನದರ್’ ಮತ್ತು ‘ದಿ ಅದರ್’ ಎರಡಕ್ಕೂ ನಮ್ಮಲ್ಲಿ ಅದೇ ಪದ. ಕಣ್ಣಿನ ವಿಷಯದಲ್ಲಿ ಇದರಿಂದ ಗೊಂದಲವಿಲ್ಲ, ಇರುವುದೇ ಎರಡು. ಆದರೆ ‘ಇನ್ನೊಂದನ್ನು ಹಾಕಿ’ ಎಂದರೆ ಮತ್ತೊಂದು ಹನಿಯೇ, ಬೇರೆ ಬಾಟಲಿಯೇ? ‘ಎರಡನೆಯ ಬಾಟಲಿಯದನ್ನು’ ಎಂದೇ ಬರೆಯಿರಿ.

ಎರಡೂ ಕಣ್ಣಿಗೆ ಔಷಧಿ ಕೊಟ್ಟಿದ್ದರೆ ಕನ್ನಡದ ಜೋಡಿ ಸಂಖ್ಯೆ ಇಂಗ್ಲಿಷಿಗಿಂತ ಚೊಕ್ಕ: ‘ಎರಡೂ ಕಣ್ಣಿಗೆ ಒಂದೊಂದು ಹನಿ’. ‘ಡ್ರಾಪ್ಸ್ ಇನ್ ದಿ ಐಸ್’ ಎಂಬ ಇಂಗ್ಲಿಷಿನಲ್ಲಿ ಕಣ್ಣಿಗೆ ಎಷ್ಟು ಹನಿ ಎಂಬ ಲೆಕ್ಕವೇ ಇಲ್ಲ. ‘ಒಂದೊಂದು’ ಎಂದ ಕೂಡಲೇ ಹಂಚಿಕೆ ಸ್ಪಷ್ಟ. ಇಲ್ಲಿ ‘ಎರಡೂ’ ಎಂಬುದರ ದೀರ್ಘವನ್ನು ಮುದ್ರಣದಲ್ಲಿ ಕಾಯ್ದುಕೊಳ್ಳಿ. ‘ಮೂರು ಬಾಟಲಿ’ ಎಂದರೆ ಯಾವುದೋ ಮೂರು. ‘ಮೂರೂ ಬಾಟಲಿ’ ಎಂದರೆ ನಿಮಗೆ ಕೊಟ್ಟ ಅಷ್ಟೂ. ಇಂಗ್ಲಿಷಿನ ‘ದಿ ತ್ರೀ ಬಾಟಲ್ಸ್’ ಕನ್ನಡದಲ್ಲಿ ಇಷ್ಟೇ, ಒಂದು ದೀರ್ಘ. ಟೈಪ್ ಮಾಡುವವರು ಅದನ್ನು ಕಾಗುಣಿತದ ತಪ್ಪೆಂದು ತಿದ್ದಿಬಿಡುವುದುಂಟು. ಪ್ರೂಫ್ ನೋಡುವಾಗ ಇದೊಂದನ್ನೇ ಹುಡುಕಿಕೊಂಡು ಒಂದು ಸುತ್ತು ಓದಿ.

‘ಗಳು’ ಹಾಕಿ ಕೆಡುವ ಕಡೆಯೂ ಇದೆ. ‘ಕಣ್ಣುಗಳು ಕೆಂಪಾದರೆ ಬನ್ನಿ’ ಎಂದು ಬರೆದಿದ್ದೀರಿ ಎಂದುಕೊಳ್ಳಿ. ಕನ್ನಡದಲ್ಲಿ ಏಕವಚನವೇ ರೂಢಿಯಾಗಿರುವ ಜಾಗದಲ್ಲಿ ಬಹುವಚನ ಕಂಡರೆ ಓದುವವರು ಅದಕ್ಕೊಂದು ಕಾರಣ ಹುಡುಕುತ್ತಾರೆ. ಎರಡೂ ಕೆಂಪಾದರೆ ಮಾತ್ರ ಎಂದು ತಿಳಿದು, ಒಂದೇ ಕೆಂಪಾದವರು ಮನೆಯಲ್ಲೇ ಉಳಿದುಬಿಡಬಹುದು. ‘ಕಣ್ಣು ಕೆಂಪಾದರೆ’ ಸಾಕು. ಕಪ್ಪು ‘ಗ್ಲಾಸಸ್’ ಬರೀ ಕಪ್ಪು ಕನ್ನಡಕ, ಅಥವಾ ನಿಮ್ಮ ಓದುಗರಿಗೆ ಹತ್ತಿರದ ಚಸ್ಮಾ. ‘ಕನ್ನಡಕಗಳು’ ಎಂದರೆ ಅಂಗಡಿಯೇ ಕಣ್ಣಮುಂದೆ ಬರುತ್ತದೆ. ಆದರೆ ‘ಫ್ಲೋಟರ್ಸ್’, ಅಂದರೆ ಕಣ್ಣ ಮುಂದೆ ತೇಲಿದಂತೆ ಕಾಣುವ ಚುಕ್ಕೆಗಳ ವಿಷಯದಲ್ಲಿ ‘ಗಳು’ ಉಳಿಯಬೇಕು. ಅಪಾಯದ ಸೂಚನೆ ಇರುವುದು ಅವು ಹೆಚ್ಚಾಗುವುದರಲ್ಲಿ: ‘ಕಣ್ಣ ಮುಂದೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ಹೆಚ್ಚಾದರೆ’. ‘ಚುಕ್ಕೆ ಕಂಡರೆ’ ಎಂದರೆ ಹತ್ತು ವರ್ಷದಿಂದ ಒಂದು ಚುಕ್ಕೆ ಕಾಣುತ್ತಿರುವವರೂ ಗಾಬರಿಯಾಗುತ್ತಾರೆ.

ಡಾಕ್ಟರರ ಬಗ್ಗೆ ಒಂದೇ ಮಾತು. ‘ಡಾಕ್ಟರು ಬರುತ್ತಾರೆ’ ಎಂಬಲ್ಲಿ ಬಹುವಚನ ಗೌರವಕ್ಕೆ, ಒಬ್ಬರೇ ಇರಬಹುದು. ಇಂಗ್ಲಿಷಿನಲ್ಲಿ ‘ಡಾಕ್ಟರ್ಸ್’ ಎಂದಿದ್ದು ಆ ಸಂಖ್ಯೆ ಮುಖ್ಯವಾಗಿದ್ದರೆ ‘ಇಬ್ಬರು ಡಾಕ್ಟರು’ ಎಂದೋ ‘ಬೇರೆ ಬೇರೆ ಡಾಕ್ಟರು’ ಎಂದೋ ಬಿಡಿಸಿ ಹೇಳಿ. ‘ಡಾಕ್ಟರುಗಳು’ ಬೇಕಾಗಿಲ್ಲ.

ಇಷ್ಟನ್ನೂ ಒಂದು ತುಣುಕಿನ ಮೇಲೆ ಹಚ್ಚಿ ನೋಡೋಣ. ನಿಮ್ಮ ಮೂರು ನಿಯಮವನ್ನೇ ಹಿಡಿದು ಮಾಡಿದರೆ ಹೀಗೆ ಬರುತ್ತದೆ:

‘ನಿಮ್ಮ ಕೈಗಳನ್ನು ತೊಳೆಯಿರಿ. ಒಂದು ಹನಿಯನ್ನು ಆ ಕಣ್ಣಿನಲ್ಲಿ ಒಂದು ದಿನದಲ್ಲಿ ನಾಲ್ಕು ಬಾರಿಗಳು ಹಾಕಿರಿ. ಆ ಹನಿಗಳ ನಡುವೆ ಐದು ನಿಮಿಷಗಳು ಕಾಯಿರಿ. ಆ ಕವಚವನ್ನು ರಾತ್ರಿಯಲ್ಲಿ ಧರಿಸಿರಿ. ಕಣ್ಣುಗಳು ಕೆಂಪಾದರೆ ಅಥವಾ ಒಂದು ನೋವು ಇದ್ದರೆ ಒಬ್ಬ ವೈದ್ಯರನ್ನು ನೋಡಿರಿ.’

ತಿದ್ದಿದ ಮೇಲೆ:

‘ಸಾಬೂನು ಹಚ್ಚಿ ಕೈ ತೊಳೆದುಕೊಳ್ಳಿ. ಆಪರೇಷನ್ ಆದ ಕಣ್ಣಿಗೆ ಸಲಕ್ಕೆ 1 ಹನಿಯಂತೆ ದಿನಕ್ಕೆ 4 ಸಲ ಡ್ರಾಪ್ಸ್ ಹಾಕಿಕೊಳ್ಳಿ. ಎರಡು ಬಗೆಯ ಡ್ರಾಪ್ಸ್ ಕೊಟ್ಟಿದ್ದರೆ, ಮೊದಲ ಬಾಟಲಿಯದನ್ನು ಹಾಕಿ ಕನಿಷ್ಠ 5 ನಿಮಿಷ ಬಿಟ್ಟು ಎರಡನೆಯ ಬಾಟಲಿಯದನ್ನು ಹಾಕಿಕೊಳ್ಳಿ. ರಾತ್ರಿ ಮಲಗುವಾಗ ಆಪರೇಷನ್ ಆದ ಕಣ್ಣಿನ ಮೇಲೆ ನಮ್ಮಲ್ಲಿ ಕೊಟ್ಟ ಪ್ಲಾಸ್ಟಿಕ್ ಕವಚ ಇಟ್ಟು ಟೇಪು ಹಚ್ಚಿ. ಕಣ್ಣು ಕೆಂಪಾದರೆ ಅಥವಾ ನೋವು ಬಂದರೆ ಹತ್ತಿರದ ಯಾವುದಾದರೂ ಕಣ್ಣಿನ ಡಾಕ್ಟರಿಗೆ ಕೂಡಲೇ ತೋರಿಸಿ.’

ಸಾಬೂನು, ಟೇಪು ನಾನು ಸೇರಿಸಿದ್ದು. ಅವು ನಿಮ್ಮ ಮೂಲದಲ್ಲಿ ಇದ್ದರೆ ಇಡಿ, ಇಲ್ಲದಿದ್ದರೆ ಆಸ್ಪತ್ರೆಯನ್ನು ಕೇಳದೆ ಇಡಬೇಡಿ. ‘ಆಪರೇಷನ್ ಆದ’ ಮತ್ತು ‘ಎರಡು ಬಗೆಯ’ ಎಂಬವನ್ನು ಸಹ ಸಹಿ ಹಾಕುವ ಡಾಕ್ಟರಿಗೆ ತೋರಿಸಿ, ‘ನಿಮ್ಮ ದಿ ಐ ಅಂದರೆ ಇದೇ ತಾನೆ?’ ಎಂದು ಬಾಯಿಬಿಟ್ಟು ಕೇಳಿ. ‘ಸಲಕ್ಕೆ 1 ಹನಿಯಂತೆ’ ಎಂದದ್ದಕ್ಕೂ ಕಾರಣವಿದೆ. ‘ದಿನಕ್ಕೆ 4 ಸಲ 1 ಹನಿ’ ಎಂದರೆ ಎರಡು ಅಂಕಿಗಳು ಒತ್ತಿಕೊಂಡು ಕೂತು ಯಾವುದು ಯಾವುದಕ್ಕೆ ಎಂದು ತೊಡಕಾಗುತ್ತದೆ.

ಹಾಳೆ ಮುದ್ರಣಕ್ಕೆ ಹೋಗುವ ಮೊದಲು ಇಂಗ್ಲಿಷ್ ಮೂಲವನ್ನು ನೋಡದ ಇಬ್ಬರಿಗೆ ಕೊಡಿ, ಸಾಧ್ಯವಾದರೆ ಒಬ್ಬರು ಕಲಬುರಗಿ ಕಡೆಯವರಿರಲಿ. ‘ಅರ್ಥವಾಯಿತೇ?’ ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ಯಾವ ಕಣ್ಣಿಗೆ ಹಾಕುತ್ತೀರಿ, ಒಂದು ಸಲಕ್ಕೆ ಎಷ್ಟು ಹನಿ, ಎರಡು ಬಾಟಲಿ ಇದ್ದರೆ ಮೊದಲನೆಯದಾದ ಮೇಲೆ ಏನು ಮಾಡುತ್ತೀರಿ, ಊರಿನಲ್ಲಿದ್ದಾಗ ಕಣ್ಣು ಕೆಂಪಾದರೆ ಯಾರ ಹತ್ತಿರ ಹೋಗುತ್ತೀರಿ ಎಂದು ನಾಲ್ಕು ಪ್ರಶ್ನೆ ಕೇಳಿ. ಉತ್ತರ ಕೊಡುವ ಮೊದಲು ಅವರು ಹಾಳೆಯನ್ನು ಮತ್ತೆ ತಿರುಗಿ ನೋಡಿದ ಸಾಲಿಗೆ ಗುರುತು ಹಾಕಿ, ಅದನ್ನು ಇನ್ನೊಮ್ಮೆ ಬರೆಯಿರಿ.